ಒಂದು ಸಾಲಿನಿಂದ ಐದು ಸಾಲು: ಫಿಗ್ಮಾ ಶಾರ್ಟ್‌ಕಟ್‌ಗಳು ಒಟ್ಟಿಗೆ ಕೆಲಸ ಮಾಡುವ ಬಗೆ

ಫಿಗ್ಮಾ ಶಾರ್ಟ್‌ಕಟ್‌ಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ಪೂರ್ತಿ ಓದಿದ ಮೇಲೂ ಕೈ ಮೌಸ್ ಕಡೆಗೇ ಹೋಗುತ್ತದೆ, ಅಲ್ವಾ? ಪಟ್ಟಿಯಲ್ಲಿ ಒಂದೊಂದು ಕೀ ಒಂಟಿಯಾಗಿ ನಿಂತಿರುತ್ತದೆ, ಕೆಲಸದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ. ಹತ್ತಿರ ಹೋಗಿ ನೋಡು, ಸಾಲಿಗೆ ತಾ, ಒಂದೆರಡು ಪಿಕ್ಸೆಲ್ ಸರಿಸು, ನಕಲು ಮಾಡು, ಮತ್ತೆ ದೂರದಿಂದ ನೋಡು. ಇಂಟರ್‌ಫೇಸ್ ಕೆಲಸದ ಬಹುಪಾಲು ಈ ಸುತ್ತೇ. ಅದಕ್ಕೇ ಇಲ್ಲಿ ಒಂದೇ ಒಂದು ಸ್ಕ್ರೀನ್ ಇಟ್ಟುಕೊಂಡು ಆ ಸುತ್ತನ್ನು ಮೊದಲಿನಿಂದ ಕೊನೆವರೆಗೆ ಹಾಕಿ ನೋಡೋಣ.

ಸ್ಕ್ರೀನ್ ತುಂಬಾ ಸಾದಾ: ಮೊಬೈಲ್ ಆ್ಯಪ್‌ನ ಸೆಟ್ಟಿಂಗ್ಸ್ ಪುಟ. ಫ್ರೇಮ್ 360 ಅಗಲ, 800 ಎತ್ತರ. ಅದರೊಳಗೆ ಐದು ಸಾಲು. ಪ್ರತಿ ಸಾಲು 328 ಅಗಲ, 56 ಎತ್ತರ, ಎರಡೂ ಬದಿಗೆ 16 ಪಿಕ್ಸೆಲ್ ಜಾಗ. ಸಾಲಿನೊಳಗೆ ಎಡಕ್ಕೆ 24ರ ಐಕಾನ್, ಪಕ್ಕದಲ್ಲಿ ಹೆಸರು, ಬಲತುದಿಯಲ್ಲಿ 24ರ ಬಾಣದ ಗುರುತು. ಸಾಲು ಸಾಲಿನ ನಡುವೆ 8 ಪಿಕ್ಸೆಲ್.

ಕೀಗಳನ್ನು ವಿಂಡೋಸ್ ಪ್ರಕಾರ ಬರೆಯುತ್ತೇನೆ. ಮ್ಯಾಕ್‌ನಲ್ಲಿ ಕೆಲಸ ಮಾಡುವವರು `Ctrl` ಇದ್ದಲ್ಲಿ `Cmd`, `Alt` ಇದ್ದಲ್ಲಿ `Option` ಎಂದು ಓದಿಕೊಳ್ಳಿ.

ಮೊದಲು ಹೆಜ್ಜೆಯ ಅಳತೆ

ಒಂದು ವಸ್ತುವನ್ನು ಆಯ್ಕೆ ಮಾಡಿ ಬಾಣದ ಕೀ ಒತ್ತಿದರೆ ಅದು 1 ಪಿಕ್ಸೆಲ್ ಸರಿಯುತ್ತದೆ. `Shift` ಜೊತೆಗೆ ಒತ್ತಿದರೆ 10. ಇದು ಫಿಗ್ಮಾ ಮೊದಲೇ ಇಟ್ಟಿರುವ ಲೆಕ್ಕ. ತೊಂದರೆ ಇರುವುದು ಆ ಹತ್ತರಲ್ಲಿ. ನಮ್ಮ ಸ್ಕ್ರೀನಿನ ಅಳತೆಗಳನ್ನು ನೋಡಿ: 8, 16, 24, 56. ಎಲ್ಲವೂ ಎಂಟರ ಮಗ್ಗಿಯಲ್ಲಿವೆ. ಈಗಿನ ಬಹಳಷ್ಟು ಇಂಟರ್‌ಫೇಸ್ ಕೆಲಸ ಹೀಗೇ ನಡೆಯುತ್ತದೆ. ಹಾಗಿರುವಾಗ ಹತ್ತರ ಹೆಜ್ಜೆ ಇಟ್ಟರೆ ಪ್ರತಿ ಸಲವೂ ಗುರಿ ದಾಟುತ್ತೀರಿ, ಇಲ್ಲವೇ ಮೊದಲೇ ನಿಲ್ಲುತ್ತೀರಿ. ಆಮೇಲೆ ಒಂದೊಂದೇ ಪಿಕ್ಸೆಲ್ ಎಣಿಸಿಕೊಂಡು ಸರಿಪಡಿಸಬೇಕು.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಮುಖ್ಯ ಮೆನುವಿನಲ್ಲಿ `Preferences` ಒಳಗೆ `Nudge amount` ತೆರೆಯಿರಿ. ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಎಂದು ಎರಡು ಅಂಕಿ ಕಾಣುತ್ತವೆ. ಚಿಕ್ಕದು 1 ಆಗಿಯೇ ಇರಲಿ. ದೊಡ್ಡದನ್ನು 8 ಮಾಡಿ. ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಬದಲಾವಣೆ ಇದೇ. ಬಲಬದಿಯ ಪ್ಯಾನೆಲ್‌ನ ಅಂಕಿಗಳ ಮೇಲೂ ಇದು ಪರಿಣಾಮ ಬೀರುತ್ತದೆ. ಅಗಲದ ಖಾನೆಯಲ್ಲಿ ಕರ್ಸರ್ ಇಟ್ಟು `Shift + ↑` ಒತ್ತಿದರೆ ಅಗಲ ಎಂಟೆಂಟಾಗಿ ಏರುತ್ತದೆ.

ಬಾಣದ ಕೀಗೂ ಮೌಸ್ ಎಳೆತಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಮೌಸ್ ಎಳೆತ ಝೂಮ್ ಮೇಲೆ ನಿಂತಿದೆ. ನೀವು 25% ಝೂಮ್‌ನಲ್ಲಿದ್ದರೆ ಪರದೆಯ ಮೇಲೆ ಕರ್ಸರ್ 1 ಪಿಕ್ಸೆಲ್ ಸರಿದಾಗ ಕ್ಯಾನ್ವಾಸಿನಲ್ಲಿ ವಸ್ತು 4 ಪಿಕ್ಸೆಲ್ ಸರಿಯುತ್ತದೆ. ದೂರದಿಂದ ಎಳೆದಾಗ ಬೇಕಾದ ಅಂಕಿ ಕೈಗೆ ಸಿಗದೇ ಹೋಗುವುದು ಇದಕ್ಕೇ. ಕೈ ನಡುಗಿದ್ದಕ್ಕಲ್ಲ. ಬಾಣದ ಕೀಗೆ ಝೂಮ್ ಲೆಕ್ಕವೇ ಇಲ್ಲ. 25% ಇರಲಿ, 800% ಇರಲಿ, ಒಂದು ಒತ್ತು ಎಂದರೆ ಒಂದೇ ಪಿಕ್ಸೆಲ್. ದೂರದ ಸಾಗಾಟಕ್ಕೆ ಮೌಸ್, ಕೊನೆಯ ಸರಿಪಡಿಕೆಗೆ ಬಾಣದ ಕೀ ಎಂದು ಕೆಲಸ ಹಂಚಿಬಿಡಿ.

ಮೊದಲ ಸಾಲನ್ನು ಕೂಡಿಸುವುದು

`F` ಒತ್ತಿ, ಮೊಬೈಲ್ ಫ್ರೇಮಿನ ಒಳಗೆ 328 × 56ರ ಇನ್ನೊಂದು ಫ್ರೇಮ್ ಎಳೆಯಿರಿ. ಅದನ್ನು X 16, Y 96ರಲ್ಲಿ ಇಡಿ. ಇದೇ ನಮ್ಮ ಮೊದಲ ಸಾಲು. ಇಲ್ಲಿ ಆಯತ ಎಳೆದು ಗ್ರೂಪ್ ಮಾಡುವ ಬದಲು ಫ್ರೇಮನ್ನೇ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಗ್ರೂಪ್‌ಗೆ ತನ್ನದೇ ಆದ ಅಳತೆ ಇಲ್ಲ, ಒಳಗಿರುವ ವಸ್ತುಗಳು ಸರಿದಂತೆ ಅದರ ಅಂಚೂ ಸರಿಯುತ್ತದೆ. ಫ್ರೇಮಿನ ಅಂಚು ನೀವು ಇಟ್ಟಲ್ಲೇ ಇರುತ್ತದೆ. ಅಂಚು ಗಟ್ಟಿಯಾಗಿದ್ದರೆ ತಾನೆ ಅದಕ್ಕೆ ಹೊಂದಿಸಿ ಏನನ್ನಾದರೂ ಸಾಲಿಗೆ ತರಲು ಸಾಧ್ಯ?

ಈಗ ಐಕಾನ್, ಹೆಸರು, ಬಾಣದ ಗುರುತು ಮೂರನ್ನೂ ಸಾಲಿನೊಳಗೆ ಸುಮಾರಾಗಿ ಹಾಕಿ. ನಿಖರತೆ ಬೇಡ. ಸಾಲನ್ನು ಆಯ್ಕೆ ಮಾಡಿ `Shift + 2` ಒತ್ತಿ. ಆಯ್ಕೆಯಲ್ಲಿರುವ ವಸ್ತು ಇಡೀ ಪರದೆ ತುಂಬುವಷ್ಟು ಹತ್ತಿರ ಬರುತ್ತದೆ. ಚಕ್ರ ತಿರುಗಿಸುತ್ತಾ ಹುಡುಕುವ ಅಗತ್ಯವಿಲ್ಲ. ನಂತರ `Enter` ಒತ್ತಿದರೆ ಆಯ್ಕೆ ಸಾಲಿನಿಂದ ಅದರ ಒಳಗಿನ ವಸ್ತುಗಳಿಗೆ ಇಳಿಯುತ್ತದೆ, `Tab` ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಮತ್ತೆ ಮೇಲಿನ ಫ್ರೇಮಿಗೆ ಬರಬೇಕಿದ್ದರೆ `Shift + Enter`. ಚಿಕ್ಕ ಐಕಾನ್ ಮೇಲೆ ಗುರಿಯಿಟ್ಟು ಕ್ಲಿಕ್ ಮಾಡುವ ಗೋಜೇ ಇರುವುದಿಲ್ಲ.

ಸಾಲಿಗೆ ತರುವ, ಅಂದರೆ ಅಲೈನ್ ಮಾಡುವ ಕೀಗಳು ಆರು. ಅವುಗಳಲ್ಲಿ ನಾಲ್ಕನ್ನು ನೆನಪಿಡುವುದು ಬಹಳ ಸುಲಭ. ಕೀಬೋರ್ಡ್ ಮೇಲೆ `W`, `A`, `S`, `D` ಎಲ್ಲಿವೆ ನೋಡಿ. ಮೇಲೆ ಒಂದು, ಎಡಕ್ಕೆ ಒಂದು, ಕೆಳಗೆ ಒಂದು, ಬಲಕ್ಕೆ ಒಂದು. ಫಿಗ್ಮಾದಲ್ಲೂ ಅದೇ ದಿಕ್ಕು: `Alt + W` ಮೇಲಂಚಿಗೆ, `Alt + A` ಎಡಂಚಿಗೆ, `Alt + S` ಕೆಳಂಚಿಗೆ, `Alt + D` ಬಲಂಚಿಗೆ. ಉಳಿದ ಎರಡು ನಡುವಿಗೆ ತರುವಂಥವು. `Alt + H` ಎಡ ಬಲದ ನಡುವೆ, `Alt + V` ಮೇಲೆ ಕೆಳಗಿನ ನಡುವೆ.

ಐಕಾನ್ ಒಂದನ್ನೇ ಆಯ್ಕೆ ಮಾಡಿ `Alt + V` ಒತ್ತಿ. ಸಾಲಿನ ಎತ್ತರ 56, ಐಕಾನ್ 24, ಉಳಿದ 32 ಎರಡು ಪಾಲಾಗಿ Y 16 ಆಗುತ್ತದೆ. ಮುಂದೆ `Alt + A` ಒತ್ತಿದರೆ ಐಕಾನ್ ಎಡಂಚಿಗೆ ಅಂಟುತ್ತದೆ, X 0. ಅಲ್ಲಿಂದ `Shift + →` ಎರಡು ಸಲ. X 16. ಬಾಣದ ಗುರುತಿಗೂ ಇದೇ ದಾರಿ: `Alt + V`, `Alt + D`, ಆಗ X 304. `Shift + ←` ಎರಡು ಸಲ ಒತ್ತಿದರೆ 288ಕ್ಕೆ ಬಂದು ಬಲಕ್ಕೆ ಸರಿಯಾಗಿ 16 ಪಿಕ್ಸೆಲ್ ಉಳಿಯುತ್ತದೆ. ದೊಡ್ಡ ಹೆಜ್ಜೆ ಇನ್ನೂ 10 ಆಗಿಯೇ ಇದ್ದಿದ್ದರೆ? ಒಂದು ದೊಡ್ಡ ಹೆಜ್ಜೆ, ಆಮೇಲೆ ಆರು ಚಿಕ್ಕ ಹೆಜ್ಜೆ. ಎರಡರ ಜಾಗದಲ್ಲಿ ಏಳು ಒತ್ತು, ಅದೂ ಎಣಿಸಿಕೊಂಡು.

ಈ ಜೋಡಿಯನ್ನು ಗಮನಿಸಿ: ಮೊದಲು ಅಂಚಿಗೆ ಅಂಟಿಸು, ಆಮೇಲೆ ಹೆಜ್ಜೆ ಇಟ್ಟು ಒಳಗೆ ಬಾ. ಎಲ್ಲಿದೆ ಎಂದು ಗೊತ್ತಿರುವ ಜಾಗದಿಂದ ಹೊರಟರೆ ಎಲ್ಲಿ ನಿಲ್ಲುತ್ತೇವೆ ಎಂಬುದೂ ಗೊತ್ತಿರುತ್ತದೆ. ಸುಮ್ನೆ ಎಲ್ಲೋ ಬಿದ್ದಿದ್ದ ಜಾಗದಿಂದ ಹೆಜ್ಜೆ ಎಣಿಸಿದರೆ ಏನೂ ಪ್ರಯೋಜನವಿಲ್ಲ.

ಹೆಸರಿಗೆ ಬರೋಣ. ಅದರ ಪೆಟ್ಟಿಗೆಯ ಎತ್ತರ 20 ಎಂದಿಟ್ಟುಕೊಳ್ಳಿ. `Alt + V` ಒತ್ತಿದರೆ Y 18. ಐಕಾನಿನಿಂದ ಅದು ಎಷ್ಟು ದೂರವಿದೆ? ಹೆಸರು ಆಯ್ಕೆಯಲ್ಲಿರುವಾಗಲೇ `Alt` ಹಿಡಿದು ಕರ್ಸರನ್ನು ಐಕಾನ್ ಮೇಲೆ ತನ್ನಿ. ಎರಡರ ನಡುವೆ ಕೆಂಪು ಗೆರೆ ಮೂಡಿ ದೂರ ಕಾಣುತ್ತದೆ. 11 ಎಂದು ತೋರಿಸಿದರೆ `→` ಐದು ಸಲ ಒತ್ತಿ, 16 ಆಯಿತು. ಈ `Alt` ಅಳತೆಯನ್ನು ಕೈಗೆ ರೂಢಿ ಮಾಡಿಕೊಳ್ಳಿ. ಸಾಲಿಗೆ ತಂದಿದ್ದು ಸರಿಯಾಗಿದೆಯೇ ಎಂದು ಕಣ್ಣಿನ ಅಂದಾಜಿಲ್ಲದೆ ತಿಳಿಯಲು ಇದಕ್ಕಿಂತ ಬೇಗದ ದಾರಿ ಇಲ್ಲ.

ಒಂದು ಮಾತು. ಫಿಗ್ಮಾ ನಡುವಿಗೆ ತರುವುದು ಪಠ್ಯದ ಪೆಟ್ಟಿಗೆಯನ್ನು, ಅಕ್ಷರವನ್ನಲ್ಲ. ಪೆಟ್ಟಿಗೆಯ ಎತ್ತರ ಲೈನ್ ಹೈಟ್‌ನಿಂದ ಬರುತ್ತದೆ. ಕನ್ನಡದಲ್ಲಿ ಹೆಸರು ಬರೆದಾಗ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಹಾಗಾಗಿ ಅಂಕಿ ಸರಿಯಿದ್ದರೂ ಪದ ಒಂದಿಷ್ಟು ಜಗ್ಗಿದಂತೆ ಕಾಣಬಹುದು. ಆಗ `Shift + 0` ಒತ್ತಿ 100%ಗೆ ಬಂದು ನೋಡಿ. ಅಲ್ಲೂ ಜಗ್ಗಿದಂತೆ ಕಂಡರೆ `↑` ಒಂದು ಸಲ. ಈ ತೀರ್ಮಾನವನ್ನು 600% ಝೂಮ್‌ನಲ್ಲಿ ಮಾಡಬೇಡಿ, ಅಷ್ಟು ಹತ್ತಿರದಲ್ಲಿ ಎಲ್ಲವೂ ವಕ್ರವಾಗಿಯೇ ಕಾಣುತ್ತದೆ.

ಎರಡು ವಸ್ತು ಹಿಡಿದಾಗ ಆಗುವ ಎಡವಟ್ಟು

ಅಲೈನ್ ಕೀಗಳು ಅತಿ ಹೆಚ್ಚು ಗೊಂದಲ ಮಾಡುವುದು ಇಲ್ಲಿ. ಒಂದೇ ವಸ್ತು ಆಯ್ಕೆಯಲ್ಲಿದ್ದರೆ ಅದು ತನ್ನನ್ನು ಹೊತ್ತಿರುವ ಫ್ರೇಮಿಗೆ ಹೊಂದಿಕೊಳ್ಳುತ್ತದೆ. ಎರಡೋ ಮೂರೋ ಇದ್ದರೆ ಅವು ಪರಸ್ಪರ ಹೊಂದಿಕೊಳ್ಳುತ್ತವೆ, ಆಗ ಫ್ರೇಮ್ ಲೆಕ್ಕಕ್ಕೇ ಬರುವುದಿಲ್ಲ. ಕೀ ಅದೇ, ಅರ್ಥ ಬೇರೆ.

ನಮ್ಮ ಸಾಲಿನಲ್ಲೇ ನೋಡೋಣ. ಐಕಾನ್ Y 12ರಲ್ಲಿ, ಹೆಸರು Y 18ರಲ್ಲಿ ಇವೆ ಎಂದುಕೊಳ್ಳಿ. ಕೆಲಸ ಬೇಗ ಮುಗಿಯಲಿ ಎಂದು ಎರಡನ್ನೂ ಒಟ್ಟಿಗೆ ಹಿಡಿದು `Alt + V` ಒತ್ತುತ್ತೀರಿ. ಫಿಗ್ಮಾ ಎರಡನ್ನೂ ಸುತ್ತುವರಿದ ಪೆಟ್ಟಿಗೆಯನ್ನು ಲೆಕ್ಕ ಹಾಕುತ್ತದೆ: ಮೇಲೆ 12, ಕೆಳಗೆ 38, ನಡು 25. ಐಕಾನ್ Y 13ಕ್ಕೂ ಹೆಸರು Y 15ಕ್ಕೂ ಬರುತ್ತವೆ. ಒಂದಕ್ಕೊಂದು ಚೆನ್ನಾಗಿ ಹೊಂದಿವೆ. ಆದರೆ ಸಾಲಿನ ನಡು 28. ಎರಡೂ ಸೇರಿ 3 ಪಿಕ್ಸೆಲ್ ಮೇಲೆ ತೇಲುತ್ತಿವೆ.

ಇದು ಕಣ್ಣಿಗೆ ಬೇಗ ಬೀಳುವುದಿಲ್ಲ. ಐಕಾನೂ ಹೆಸರೂ ಒಂದೇ ಮಟ್ಟದಲ್ಲಿ ಇರುವುದರಿಂದ ಸರಿಯಾಗಿದೆ ಅಂತಲೇ ಅನಿಸುತ್ತದೆ. `Alt` ಹಿಡಿದು ಸಾಲಿನ ಅಂಚಿಗೆ ಅಳೆದರೆ ಮಾತ್ರ ಮೇಲೆ 13, ಕೆಳಗೆ 19 ಎಂದು ಹೊರಬೀಳುತ್ತದೆ. ಸರಿಪಡಿಸಲು ಎರಡು ದಾರಿ ಇವೆ. ಒಂದೊಂದನ್ನೇ ಹಿಡಿದು `Alt + V` ಒತ್ತಬಹುದು. ಇಲ್ಲವೇ ಎರಡನ್ನೂ `Ctrl + G` ಒತ್ತಿ ಗ್ರೂಪ್ ಮಾಡಿ, ಆ ಗ್ರೂಪನ್ನು `Alt + V` ಮಾಡಬಹುದು. ಗ್ರೂಪ್ ಎಂದರೆ ಫಿಗ್ಮಾಗೆ ಒಂದೇ ವಸ್ತು, ಆದ್ದರಿಂದ ಅದು ಫ್ರೇಮಿಗೆ ಹೊಂದಿಕೊಳ್ಳುತ್ತದೆ.

ಅಂಚಿನ ಕೀಗಳಲ್ಲೂ ಇದೇ ನಿಯಮ. ಹಲವು ವಸ್ತು ಹಿಡಿದು `Alt + A` ಒತ್ತಿದರೆ ಅತ್ಯಂತ ಎಡದಲ್ಲಿರುವುದು ಕದಲುವುದಿಲ್ಲ, ಉಳಿದವು ಅದರ ಗೆರೆಗೆ ಬರುತ್ತವೆ. ಹಾಗಾಗಿ ಯಾವುದು ಸರಿಯಾದ ಜಾಗದಲ್ಲಿದೆಯೋ ಅದೇ ತುದಿಯಲ್ಲಿ ಇರುವಂತೆ ನೋಡಿಕೊಳ್ಳಿ.

ಇನ್ನೊಂದು ಎಡವಟ್ಟು ಕೀ ಒತ್ತಿದರೂ ಏನೂ ಆಗದಿರುವುದು. ಹೆಚ್ಚಾಗಿ ಕಾರಣ ಒಂದೇ: ಕರ್ಸರ್ ಇನ್ನೂ ಪಠ್ಯದ ಒಳಗೆ ಮಿನುಗುತ್ತಿರುತ್ತದೆ. ಮ್ಯಾಕ್‌ನಲ್ಲಾದರೆ `Option + A` ಒತ್ತಿದ ಜಾಗದಲ್ಲಿ `å` ಅಂತ ಒಂದು ಅಕ್ಷರವೇ ಬಿದ್ದಿರುತ್ತದೆ. `Esc` ಒತ್ತಿ ಪಠ್ಯದಿಂದ ಹೊರಬಂದು ಮತ್ತೆ ಒತ್ತಿ.

ಮತ್ತೆ ಕೆಲವು ಸಲ ಅಳತೆಗಳೇ ನಡುವಿಗೆ ಬರಲು ಬಿಡುವುದಿಲ್ಲ. ಸಾಲಿನ ಎತ್ತರ 45 ಇದ್ದು ಐಕಾನ್ 24 ಇದ್ದರೆ ಉಳಿಯುವುದು 21. ಅದರ ಅರ್ಧ 10.5. ಅರ್ಧ ಪಿಕ್ಸೆಲ್‌ನಲ್ಲಿ ನಿಂತ ಐಕಾನಿನ ಅಂಚು ಮಸುಕಾಗುತ್ತದೆ. ಪೂರ್ತಿ ಪಿಕ್ಸೆಲ್‌ನಲ್ಲಿ ನಿಲ್ಲಿಸಿದರೆ ಒಂದು ಬದಿ ಒಂದು ಪಿಕ್ಸೆಲ್ ಜಾಸ್ತಿ. ಯಾವ ಕೀಯೂ ಇದನ್ನು ಬಗೆಹರಿಸಲಾರದು, ಎತ್ತರವನ್ನೇ ಬದಲಿಸಬೇಕು. ಸಾಲನ್ನು ಹಿಡಿದು `Ctrl + ↓` ಒತ್ತಿದರೆ ಎತ್ತರ 1 ಪಿಕ್ಸೆಲ್ ಬೆಳೆಯುತ್ತದೆ, `Ctrl + Shift + ↓` ಒತ್ತಿದರೆ ದೊಡ್ಡ ಹೆಜ್ಜೆಯಷ್ಟು. ಬಾಣದ ಕೀ ವಸ್ತುವನ್ನು ಸರಿಸುತ್ತದೆ, `Ctrl` ಸೇರಿದರೆ ಅದೇ ಕೀ ಅಳತೆಯನ್ನು ಬದಲಿಸುತ್ತದೆ.

ಒಂದು ಸಾಲು ಐದಾಗುವುದು

ನಕಲು ಮಾಡುವ ಮೊದಲು ಮೊದಲ ಸಾಲು ಪೂರ್ತಿ ಸರಿಯಿರಬೇಕು. ಆ ಒಂದು ಪಿಕ್ಸೆಲ್ ಜಗ್ಗಿದ ಹೆಸರನ್ನು ಈಗ ಸರಿಪಡಿಸಿದರೆ ಒಂದು ಕೀ. ಐದು ಸಾಲಾದ ಮೇಲೆ ಸರಿಪಡಿಸಿದರೆ ಐದು ಕಡೆ ಹುಡುಕಾಟ.

ಸಾಲನ್ನು ಆಯ್ಕೆ ಮಾಡಿ. `Alt` ಮತ್ತು `Shift` ಎರಡನ್ನೂ ಹಿಡಿದು ಕೆಳಗೆ ಎಳೆಯಿರಿ. `Alt` ನಕಲು ಮಾಡುತ್ತದೆ, `Shift` ನೇರ ಗೆರೆಯಲ್ಲಿ ಇಡುತ್ತದೆ, X 16 ಆಚೀಚೆ ಆಗುವುದಿಲ್ಲ. ಬಿಡುವಾಗ ಮೊದಲು ಮೌಸ್ ಬಟನ್ ಬಿಡಿ, ಆಮೇಲೆ `Alt`. ಉಲ್ಟಾ ಬಿಟ್ಟರೆ ನಕಲು ಮಾಯವಾಗಿ ಮೂಲ ಸಾಲೇ ಕೆಳಗೆ ಬಂದಿರುತ್ತದೆ.

ಹೊಸ ಸಾಲಿನ Y ನೋಡಿ. ನಮಗೆ ಬೇಕಾದ್ದು 96ಕ್ಕೆ ಸಾಲಿನ ಎತ್ತರ 56, ನಡುವಿನ ಜಾಗ 8 ಸೇರಿಸಿದರೆ ಬರುವ 160. ಎಳೆದದ್ದು 157ಕ್ಕೆ ನಿಂತಿದ್ದರೆ `↓` ಮೂರು ಸಲ. ಆಯ್ಕೆ ಬಿಡಬೇಡಿ, ಬೇರೆಲ್ಲೂ ಕ್ಲಿಕ್ ಮಾಡಬೇಡಿ. ಈಗ `Ctrl + D` ಒತ್ತಿ. ಮೂರನೇ ಸಾಲು 224ರಲ್ಲಿ ಬರುತ್ತದೆ. ಮತ್ತೆ ಒತ್ತಿ, 288. ಮತ್ತೊಮ್ಮೆ, 352. ನಕಲು ಮಾಡಿ ಎಷ್ಟು ದೂರ ಸರಿಸಿದಿರಿ ಎಂಬುದನ್ನು ಫಿಗ್ಮಾ ನೆನಪಿಟ್ಟುಕೊಂಡು ಅಷ್ಟೇ ದೂರಕ್ಕೆ ಮುಂದಿನದನ್ನು ಇಡುತ್ತದೆ. ಈ ಸೌಲಭ್ಯ ಗೊತ್ತಿಲ್ಲದವರು ಪ್ರತಿ ನಕಲನ್ನೂ ಬೇರೆ ಬೇರೆಯಾಗಿ ಎಳೆದು ಬೇರೆ ಬೇರೆಯಾಗಿ ಅಳೆಯುತ್ತಿರುತ್ತಾರೆ.

ಮಧ್ಯದಲ್ಲಿ ಆಯ್ಕೆ ತಪ್ಪಿಹೋದರೆ ಆ ನೆನಪೂ ಹೋಗುತ್ತದೆ. ಆಗ `Ctrl + D` ಒತ್ತಿದರೆ ನಕಲು ಮೂಲದ ಮೇಲೇ ಕೂರಬಹುದು. ಚಿಕ್ಕ ಆಕಾರ, ಐಕಾನ್, ಪಠ್ಯಗಳಲ್ಲಿ ಇದು ಮಾಮೂಲು. ಪರದೆಯ ಮೇಲೆ ಏನೂ ಬದಲಾಗಿಲ್ಲ ಅನಿಸಿ ಮತ್ತೆ ಮತ್ತೆ ಒತ್ತುತ್ತೇವೆ, ಒಂದರ ಮೇಲೊಂದು ಪದರ ಸೇರುತ್ತಾ ಹೋಗುತ್ತದೆ. ಎಡಬದಿಯ ಲೇಯರ್ ಪಟ್ಟಿಯಲ್ಲಿ ಒಂದೇ ಹೆಸರು ಸಾಲಾಗಿ ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. ಅರೆಪಾರದರ್ಶಕ ಬಣ್ಣ ಅಥವಾ ನೆರಳು ಇದ್ದಕ್ಕಿದ್ದಂತೆ ಗಾಢವಾಗಿ ಕಾಣುವುದೂ ಅದರದೇ ಗುರುತು.

ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ `Ctrl + D` ಒತ್ತಿದಾಗ ಬುಕ್‌ಮಾರ್ಕ್ ಉಳಿಸುವ ಚೌಕ ತೆರೆದುಕೊಂಡರೆ ಕೀಬೋರ್ಡ್ ಆಗ ಕ್ಯಾನ್ವಾಸಿನ ಕೈಯಲ್ಲಿಲ್ಲ, ಬ್ರೌಸರ್ ಕೈಯಲ್ಲಿದೆ. ವಿಳಾಸದ ಪಟ್ಟಿಯಲ್ಲಿ ಕರ್ಸರ್ ಉಳಿದುಬಿಟ್ಟರೆ ಹೀಗಾಗುತ್ತದೆ. ಕ್ಯಾನ್ವಾಸ್ ಮೇಲೆ ಬಂದು ವಸ್ತುವನ್ನು ಮತ್ತೆ ಆಯ್ಕೆ ಮಾಡಿ.

ಸಾಲುಗಳು ಮುಂದೆಯೂ ಬದಲಾಗುತ್ತವೆ ಅಂತ ಅನಿಸಿದರೆ, ನಕಲಿಗೆ ಮೊದಲೇ ಮೊದಲ ಸಾಲನ್ನು `Ctrl + Alt + K` ಒತ್ತಿ ಕಾಂಪೊನೆಂಟ್ ಮಾಡಿಬಿಡಿ. ಆಮೇಲೆ ಅದೇ ಎಳೆತ, ಅದೇ `Ctrl + D`. ಆದರೆ ಹುಟ್ಟುವ ನಕಲುಗಳು ಮೂಲಕ್ಕೆ ಕಟ್ಟುಬಿದ್ದಿರುತ್ತವೆ. ನಾಳೆ ಬಾಣದ ಗುರುತನ್ನು 4 ಪಿಕ್ಸೆಲ್ ಒಳಗೆ ತರಬೇಕಾದರೆ ಮೂಲದಲ್ಲಿ ಒಮ್ಮೆ ಸರಿಸಿದರೆ ಸಾಕು.

ದೂರದಿಂದ ನೋಡಿದಾಗ

ಐದೂ ಸಾಲು ಬಂದಮೇಲೆ `Shift + 1`. ಪುಟದಲ್ಲಿರುವ ಎಲ್ಲವೂ ಪರದೆಗೆ ಹಿಡಿಸುವಷ್ಟು ಹಿಂದೆ ಸರಿಯುತ್ತದೆ. ಹಲವು ಫ್ರೇಮ್‌ಗಳಿದ್ದರೆ ಇದು ಬಹಳ ದೂರವಾಗಿಬಿಡುತ್ತದೆ, ಆಗ ಮೊಬೈಲ್ ಫ್ರೇಮನ್ನು ಹಿಡಿದು `Shift + 2` ಒತ್ತುವುದೇ ಮೇಲು. ಯಾವುದೋ ಒಂದು ಮೂಲೆಯನ್ನೇ ನೋಡಬೇಕಿದ್ದರೆ `Z` ಹಿಡಿದು ಆ ಜಾಗದ ಸುತ್ತ ಚೌಕ ಎಳೆಯಿರಿ. ಸುತ್ತಾಡಲು ಸ್ಪೇಸ್ ಬಾರ್ ಹಿಡಿದು ಎಳೆದರಾಯಿತು.

ದೂರದಿಂದ ನೋಡಿದಾಗ ಸಾಲುಗಳ ನಡುವೆ 8 ಪಿಕ್ಸೆಲ್ ಇಕ್ಕಟ್ಟಾಯಿತು ಅನಿಸಬಹುದು. ಒಂದೊಂದನ್ನೇ ಸರಿಸಲು ಹೋಗಬೇಡಿ. ಐದನ್ನೂ ಒಟ್ಟಿಗೆ ಆಯ್ಕೆ ಮಾಡಿ. ಅಂತರ ಸಮವಾಗಿದ್ದರೆ ಸಾಲುಗಳ ನಡುವೆ ಗುಲಾಬಿ ಬಣ್ಣದ ಹಿಡಿಕೆಗಳು ಕಾಣುತ್ತವೆ. ಒಂದನ್ನು ಎಳೆದರೆ ಎಲ್ಲ ಅಂತರಗಳೂ ಒಟ್ಟಿಗೆ ಬದಲಾಗುತ್ತವೆ. ಪ್ಯಾನೆಲ್‌ನಲ್ಲಿ 12 ಎಂದು ಟೈಪ್ ಮಾಡಿದರೂ ಆಯಿತು. ಹಿಡಿಕೆ ಕಾಣದಿದ್ದರೆ ಎಲ್ಲೋ ಒಂದು ಅಂತರ ತಪ್ಪಿದೆ ಎಂದರ್ಥ, ಇದೇ ಒಂದು ಪರೀಕ್ಷೆ ಇದ್ದಂತೆ. ಆಗ `Ctrl + /` ಒತ್ತಿ `Tidy up` ಎಂದು ಬರೆದು ಎಂಟರ್ ಕೊಡಿ, ಅಂತರಗಳು ಸಮವಾಗುತ್ತವೆ.

ಈ ಎಲ್ಲ ಕೀಗಳಿಗೂ ಒಂದು ಗಡಿಯಿದೆ, ಅದು ಆಟೋ ಲೇಔಟ್. ಐದು ಸಾಲನ್ನೂ ಹಿಡಿದು `Shift + A` ಒತ್ತಿದರೆ ಅವು ಆಟೋ ಲೇಔಟ್ ಫ್ರೇಮಿನೊಳಗೆ ಹೋಗುತ್ತವೆ. ಅಲ್ಲಿಂದ ಮುಂದೆ ಜಾಗ ಗೊತ್ತುಮಾಡುವುದು ಆ ಫ್ರೇಮ್, ನೀವಲ್ಲ. ಎರಡನೇ ಸಾಲನ್ನು ಹಿಡಿದು `↓` ಒತ್ತಿದರೆ ಅದು ಒಂದು ಪಿಕ್ಸೆಲ್ ಸರಿಯುವುದಿಲ್ಲ, ಮೂರನೆಯದರ ಕೆಳಗೆ ಹಾರುತ್ತದೆ. ಅಂದರೆ ಅಲ್ಲಿ ಬಾಣದ ಕೀ ಕ್ರಮ ಬದಲಿಸುವ ಕೀ ಆಗಿಬಿಟ್ಟಿದೆ. `Ctrl + D` ಒತ್ತಿದರೆ ಹೊಸ ಸಾಲು ತಾನಾಗಿಯೇ ಸರಿಯಾದ ಅಂತರದಲ್ಲಿ ಪಟ್ಟಿಗೆ ಸೇರುತ್ತದೆ, ದೂರ ಕಲಿಸಿಕೊಡುವ ಅಗತ್ಯವಿಲ್ಲ. ಪಟ್ಟಿ ಉದ್ದವಾಗುತ್ತಾ ಹೋಗುವ ಕಡೆ ನಾನು ಆಟೋ ಲೇಔಟನ್ನೇ ಆರಿಸುತ್ತೇನೆ. ಸಾಲಿನ ಒಳಗೆ ಮಾತ್ರ, ಒಂದು ಪಿಕ್ಸೆಲ್ ಮೇಲೆ ಕೆಳಗೆ ಮಾಡಿ ನೋಡಬೇಕಾದ ಹಂತದಲ್ಲಿ, ಸಾದಾ ಫ್ರೇಮ್ ಇಟ್ಟುಕೊಳ್ಳುತ್ತೇನೆ.

ಇಲ್ಲಿ ಹೇಳಿದ ಕೀಗಳಲ್ಲಿ ಯಾವುದನ್ನು ಇನ್ನೂ ಬಳಸಿಲ್ಲ ಎಂದು ತಿಳಿಯಬೇಕಿದ್ದರೆ `Ctrl + Shift + ?` ಒತ್ತಿ. ಮ್ಯಾಕ್‌ನಲ್ಲಿ ಇದೊಂದಕ್ಕೆ ಮಾತ್ರ `Cmd` ಅಲ್ಲ, `Control`. ಪರದೆಯ ಕೆಳಗೆ ತೆರೆಯುವ ಪ್ಯಾನೆಲ್‌ನಲ್ಲಿ ನೀವು ಬಳಸಿದ ಕೀಗಳು ನೀಲಿ ಬಣ್ಣದಲ್ಲಿ ಕಾಣುತ್ತವೆ, ಬಳಸದವು ಹಾಗೇ ಇರುತ್ತವೆ. ಕೆಲಸ ಮಾಡುವಾಗ ಆ ಪ್ಯಾನೆಲನ್ನು ತೆರೆದೇ ಇಟ್ಟುಕೊಳ್ಳಬಹುದು.